'ರಿಮೋಟ್' ಅಂದರೆ ಎಲ್ಲಿಂದ? ಕೆಲಸ ಹುಡುಕುವ ಮುನ್ನ, ರೆಸ್ಯೂಮೆ ಕಳಿಸುವ ಮುನ್ನ

ನನ್ನ ಚಿಕ್ಕಮ್ಮನ ಮಗಳು ಇರುವುದು ವಿಜಯನಗರದಲ್ಲಿ, ಅವಳ ಆಫೀಸು ವೈಟ್‌ಫೀಲ್ಡಿನಲ್ಲಿ. ನೇರಳೆ ಮೆಟ್ರೋ ಬಂದ ಮೇಲೂ ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ ಒಂದೂಮುಕ್ಕಾಲು ಗಂಟೆ. ಸಂಜೆ ಮತ್ತೆ ಅಷ್ಟೇ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಅಕ್ಕಾ, ಎರಡು ತಿಂಗಳಲ್ಲಿ 140 ಕಡೆ ಅಪ್ಲೈ ಮಾಡಿದ್ದೀನಿ. ಒಂದೇ ಒಂದು ಕಾಲ್ ಬಂತು, ಅದೂ ದುಡ್ಡು ಕೇಳಿದ್ರು" ಅಂದಳು.

ನಾನು ಒಂಬತ್ತು ವರ್ಷ ನೇಮಕಾತಿ ಕೆಲಸ ಮಾಡಿದವಳು. ರೆಸ್ಯೂಮೆಗಳ ರಾಶಿಯ ಆ ಕಡೆ ಕೂತಿದ್ದವಳು. ಅದಕ್ಕೇ ಅವಳ ರೆಸ್ಯೂಮೆಯನ್ನು ಆಮೇಲೆ ನೋಡೋಣ ಎಂದು, ಮೊದಲು ಅವಳು ಅಪ್ಲೈ ಮಾಡಿದ ಕೆಲಸಗಳ ಪಟ್ಟಿ ತೆಗೆಸಿದೆ. ಒಂದೊಂದೇ ತೆರೆದು ಓದಿದೆವು. ಅರ್ಧಕ್ಕಿಂತ ಜಾಸ್ತಿ ಕಂಪನಿಗಳು ಭಾರತದಲ್ಲಿ ಇರುವವರನ್ನು ತೆಗೆದುಕೊಳ್ಳುವಂತೆಯೇ ಇರಲಿಲ್ಲ. ಇನ್ನಷ್ಟು ಜಾಹೀರಾತುಗಳು ತಿಂಗಳ ಹಿಂದಿನವು. ಕೆಲವು ಹೆಸರಿಗೆ ಮಾತ್ರ ರಿಮೋಟ್. ಕೊನೆಗೆ ಉಳಿದದ್ದು ಇಪ್ಪತ್ತು ಚಿಲ್ಲರೆ. ಆ ಇಪ್ಪತ್ತಕ್ಕೂ ಹೋಗಿದ್ದು ಒಂದೇ ರೆಸ್ಯೂಮೆ.

ಆ ದಿನ ನಾವಿಬ್ಬರೂ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳದು ಕಸ್ಟಮರ್ ಸಪೋರ್ಟ್ ಕೆಲಸ. ನಿಮ್ಮದು ಟೆಸ್ಟಿಂಗ್ ಆಗಿರಲಿ, ಅಕೌಂಟ್ಸ್ ಆಗಿರಲಿ, ವಿಧಾನ ಇದೇ.

ಮೊದಲು ಸ್ಥಳದ ಸಾಲು ಓದಿ

ಕೆಲಸದ ಹೆಸರು, ಸಂಬಳ ಎಲ್ಲ ಆಮೇಲೆ. ರಿಮೋಟ್ ಎಂಬ ಪದದ ಪಕ್ಕದಲ್ಲಿ ಏನಿದೆ, ಅದನ್ನು ಮೊದಲು ನೋಡಿ. "ರಿಮೋಟ್, ಅಮೆರಿಕ" ಎಂದಿದ್ದರೆ ಅಮೆರಿಕದೊಳಗೆ ಎಲ್ಲಿ ಬೇಕಾದರೂ ಕೂತು ಮಾಡಬಹುದು ಎಂದರ್ಥ. ರಾಜಾಜಿನಗರ ಅದರಲ್ಲಿ ಬರುವುದಿಲ್ಲ. ಇದು ಕಂಪನಿಯ ಬಿಗುಮಾನವಲ್ಲ. ಬೇರೆ ದೇಶದಲ್ಲಿರುವವರನ್ನು ನೌಕರರಾಗಿ ತೆಗೆದುಕೊಳ್ಳಬೇಕಾದರೆ ಆ ದೇಶದಲ್ಲಿ ಕಂಪನಿ ನೋಂದಣಿ ಇರಬೇಕು. ಇಲ್ಲವೇ ಬೇರೆ ಕಂಪನಿಗಳ ಪರವಾಗಿ ನೌಕರರನ್ನು ಇಟ್ಟುಕೊಳ್ಳುವ, ಡೀಲ್, ರಿಮೋಟ್ ಎಂಬ ಹೆಸರಿನ ಸಂಸ್ಥೆಗಳಂಥವುಗಳ ಮೂಲಕ ಸಂಬಳ ಕೊಡಬೇಕು. ಆ ಏರ್ಪಾಡು ಇಲ್ಲದ ಕಂಪನಿಗೆ ನೀವು ಎಷ್ಟು ಇಷ್ಟವಾದರೂ ಪ್ರಯೋಜನವಿಲ್ಲ.

`EMEA` ಎಂದು ಕಂಡರೆ ಅದು ಯೂರೋಪ್, ಮಧ್ಯಪ್ರಾಚ್ಯ, ಆಫ್ರಿಕಾ. ಅದರಲ್ಲಿ ನಾವಿಲ್ಲ. `APAC` ಎಂದರೆ ಏಷ್ಯಾ ಪೆಸಿಫಿಕ್. ಅದರಲ್ಲಿ ಸಾಮಾನ್ಯವಾಗಿ ನಾವಿದ್ದೇವೆ, ಆದರೆ ಕೆಲವರು ಎರಡೋ ಮೂರೋ ದೇಶಗಳನ್ನು ಮಾತ್ರ ಹೆಸರಿಸಿರುತ್ತಾರೆ, ಕೆಳಗೆ ನೋಡಿ. `Worldwide` ಅಥವಾ `Anywhere` ಎಂದಿದ್ದರೆ ಅಪ್ಲೈ ಮಾಡಬಹುದು, ಆದರೆ ವೇಳೆ ನೋಡಿಕೊಳ್ಳಿ.

ವೇಳೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಆಫರ್ ಕೈಗೆ ಬಂದ ಮೇಲೆ ಜನ ಮುಗ್ಗರಿಸುವುದು ಇಲ್ಲೇ. ನ್ಯೂಯಾರ್ಕಿನ ಬೆಳಗ್ಗೆ 9ರಿಂದ ಸಂಜೆ 5 ಎಂದರೆ ಅಲ್ಲಿಯ ಬೇಸಿಗೆಯಲ್ಲಿ ನಮಗೆ ಸಂಜೆ 6:30ರಿಂದ ರಾತ್ರಿ 2:30. ಅವರು ಚಳಿಗಾಲಕ್ಕೆ ಗಡಿಯಾರ ಹಿಂದಿಟ್ಟ ಮೇಲೆ 7:30ರಿಂದ 3:30. ಲಂಡನ್ನಿನ ಅದೇ ವೇಳೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30ರಿಂದ ರಾತ್ರಿ 9:30, ಚಳಿಗಾಲದಲ್ಲಿ ಒಂದು ಗಂಟೆ ತಡ. ಹಾಗಾಗಿ ಬೆಂಗಳೂರಿನಲ್ಲಿ ಕೂತವರಿಗೆ ಬ್ರಿಟನ್ನಿನ ವೇಳೆ ಸುಲಭವಾಗಿ ಹೊಂದುತ್ತದೆ. ಅಮೆರಿಕದ ಕಂಪನಿ "ನಮ್ಮ ಜೊತೆ ನಾಲ್ಕು ಗಂಟೆ ಸಿಕ್ಕರೆ ಸಾಕು" ಎಂದಿದ್ದರೆ ಸಂಜೆಯಿಂದ ರಾತ್ರಿ ಹತ್ತೂವರೆ, ಹನ್ನೊಂದೂವರೆವರೆಗೆ. ಅದೂ ಆಗುತ್ತದೆ. ಪೂರ್ತಿ ಅವರ ವೇಳೆಯೇ ಬೇಕು ಎಂದಿದ್ದರೆ ಅದು ಮನೆಯಿಂದ ಮಾಡುವ ನೈಟ್ ಶಿಫ್ಟ್. ನಿಮಗೆ ಅದು ಬೇಕೋ ಬೇಡವೋ, ಅಪ್ಲೈ ಮಾಡುವ ಮೊದಲೇ ಮನೆಯವರ ಜೊತೆ ಮಾತಾಡಿಕೊಳ್ಳಿ.

ಇನ್ನು ನಮ್ಮೂರಿನದೇ ಒಂದು ಚಾಳಿ. ಮೇಲೆ ರಿಮೋಟ್ ಎಂದು ಹಾಕಿ, ಜಾಹೀರಾತಿನ ಕೊನೆಯಲ್ಲಿ "ವಾರಕ್ಕೆ ಮೂರು ದಿನ ಬೆಳ್ಳಂದೂರು ಆಫೀಸ್" ಎಂದು ಬರೆದಿರುತ್ತಾರೆ. ಜಾಸ್ತಿ ಜನ ನೋಡಲಿ ಅಂತ. ನಾನು ಕೆಲಸ ಮಾಡಿದ ಒಂದು ಕಡೆಯೂ ಹೀಗೆ ಹಾಕಿಸುತ್ತಿದ್ದರು, ನಾನೇ ಹಾಕಿದ್ದೇನೆ. ಕೊನೆಯ ಪ್ಯಾರಾವರೆಗೂ ಓದಿ.

ಹಾಗೆಯೇ ಫುಲ್‌ಟೈಮ್ ಎಂದ ಮಾತ್ರಕ್ಕೆ ನೀವು ಅವರ ನೌಕರರು ಎಂದಾಗುವುದಿಲ್ಲ. ಎಷ್ಟೋ ವಿದೇಶಿ ಕಂಪನಿಗಳು ವಾರಕ್ಕೆ ನಲವತ್ತು ಗಂಟೆ ಕೆಲಸ ಕೊಟ್ಟು, ಕಾಗದದಲ್ಲಿ ಕಾಂಟ್ರ್ಯಾಕ್ಟರ್ ಎಂದು ಬರೆಯುತ್ತವೆ. ಆಗ ಪಿಎಫ್ ಇಲ್ಲ, ಸಂಬಳದ ಸ್ಲಿಪ್ ಇಲ್ಲ, ತೆರಿಗೆ ನೀವೇ ಕಟ್ಟಬೇಕು. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಇದರ ಬಿಸಿ ತಟ್ಟುತ್ತದೆ. ಅದೇನು ಕೆಟ್ಟದ್ದಲ್ಲ, ಆದರೆ ಮೊದಲ ಕಾಲ್‌ನಲ್ಲೇ ಕೇಳಿಬಿಡಿ.

ಎಲ್ಲಿ ಹುಡುಕುವುದು

ಲಿಂಕ್ಡ್‌ಇನ್‌ನಲ್ಲಿ ಸ್ಥಳ ಭಾರತ ಎಂದಿಟ್ಟು, ರಿಮೋಟ್ ಫಿಲ್ಟರ್ ಹಾಕಿ, ದಿನಾಂಕದಲ್ಲಿ ಕಳೆದ 24 ಗಂಟೆ ಅಥವಾ ಕಳೆದ ವಾರ ಆರಿಸಿ. ಸ್ಥಳದಲ್ಲಿ `Worldwide` ಎಂದಿಟ್ಟರೆ ಇಡೀ ಜಗತ್ತಿನ ಕೆಲಸ ಬಂದು ಬೀಳುತ್ತದೆ. ತಂಗಿ ಮಾಡಿಕೊಂಡ ಎಡವಟ್ಟು ಇದೇ. ಒಂದೇ ಕೆಲಸಕ್ಕೆ ನಾಲ್ಕು ಕಂಪನಿ ನಾಲ್ಕು ಹೆಸರಿಡುತ್ತವೆ, ಆದ್ದರಿಂದ ಒಂದೇ ಹೆಸರಿನಲ್ಲಿ ಹುಡುಕಬೇಡಿ. ಅವಳಿಗೆ ಫೋನ್ ಕೆಲಸ ಸಾಕಾಗಿತ್ತು. ಅದಕ್ಕೆ ಹುಡುಕುವ ಜಾಗದಲ್ಲಿ ಹೀಗೆ ಹಾಕಿದೆವು:

```
("technical support" OR "product support" OR "customer experience") NOT voice
```

ನೌಕ್ರಿಯ ಕಥೆ ಬೇರೆ. ಅಲ್ಲಿ ನೀವು ಕೆಲಸ ಹುಡುಕುವಷ್ಟೇ, ನೇಮಕಾತಿಯವರೂ ನಿಮ್ಮನ್ನು ಹುಡುಕುತ್ತಾರೆ. ನಾನೂ ಅಲ್ಲಿ ಹುಡುಕುತ್ತಿದ್ದೆ: ಎರಡು ಮೂರು ಪದ, ಅನುಭವ ಎಷ್ಟು ವರ್ಷ, ನೋಟಿಸ್ ಪೀರಿಯಡ್ ಎಷ್ಟು, ಇತ್ತೀಚೆಗೆ ಪ್ರೊಫೈಲ್ ಮುಟ್ಟಿದ್ದಾರಾ. ನಾಲ್ಕು ತಿಂಗಳಿಂದ ಅಲುಗಾಡದ ಪ್ರೊಫೈಲ್ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ವಾರಕ್ಕೊಮ್ಮೆ ಒಂದು ಸಾಲಾದರೂ ತಿದ್ದಿ ಸೇವ್ ಮಾಡಿ.

ರಿಮೋಟ್ ಕೆಲಸಕ್ಕೇ ಮೀಸಲಾದ ವೀ ವರ್ಕ್ ರಿಮೋಟ್ಲಿ, ರಿಮೋಟ್ ಓಕೆ, ಹಿಮಾಲಯಾಸ್ ತರಹದ ಸೈಟ್‌ಗಳಿವೆ. ಸ್ಟಾರ್ಟಪ್‌ಗಳಿಗೆ ವೆಲ್‌ಫೌಂಡ್. ನೋಡಿ, ಆದರೆ ಅಲ್ಲಿಗೆ ಇಡೀ ಜಗತ್ತೇ ಬಂದು ಅಪ್ಲೈ ಮಾಡುತ್ತದೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದ ದಾರಿ ಇನ್ನೊಂದು. ಬಹಳಷ್ಟು ಸಾಫ್ಟ್‌ವೇರ್ ಕಂಪನಿಗಳ ಕೆಲಸದ ಪುಟಗಳು ಲೀವರ್, ಗ್ರೀನ್‌ಹೌಸ್, ಆ್ಯಶ್‌ಬಿ ಎಂಬ ಮೂರು ನಾಲ್ಕು ವ್ಯವಸ್ಥೆಗಳ ಮೇಲೆ ಓಡುತ್ತವೆ. ಗೂಗಲ್‌ನಿಂದ ಅವುಗಳೊಳಗೇ ಹುಡುಕಬಹುದು:

```
site:jobs.lever.co "remote" "India" "support"
site:job-boards.greenhouse.io "remote" "India" "support"
site:jobs.ashbyhq.com "remote" "India" "support"
```

ಗೂಗಲ್‌ನಲ್ಲೇ ಕಳೆದ ವಾರದ ಫಲಿತಾಂಶ ಮಾತ್ರ ತೋರಿಸು ಎಂದು ಆರಿಸಿಕೊಳ್ಳಿ. ಇಲ್ಲಿ ಸಿಗುವುದು ಕಂಪನಿಯದೇ ಪುಟ. ಸಾಮಾನ್ಯವಾಗಿ ಮಧ್ಯದಲ್ಲಿ ಏಜೆನ್ಸಿ ಇರುವುದಿಲ್ಲ. ಕೆಲಸ ತುಂಬಿದ ಮೇಲೆ ಸಾಮಾನ್ಯವಾಗಿ ಪುಟವನ್ನು ತೆಗೆದುಬಿಡುವುದರಿಂದ ಹಳೆಯ ಜಾಹೀರಾತಿಗೆ ಅಪ್ಲೈ ಮಾಡಿ ಕಾಯುವುದೂ ಬಹುಮಟ್ಟಿಗೆ ತಪ್ಪುತ್ತದೆ. ಗೂಗಲ್ ಪಟ್ಟಿಯಲ್ಲಿ ಹೆಸರು ಉಳಿದಿದ್ದರೂ, ಒತ್ತಿದರೆ ಪುಟ ಇರುವುದಿಲ್ಲ, ಗೊತ್ತಾಗಿಬಿಡುತ್ತದೆ.

ಬೇರೆ ಸೈಟಿನಲ್ಲಿ ಕೆಲಸ ಕಂಡರೂ ಕಂಪನಿಯ ಸ್ವಂತ ಪುಟಕ್ಕೆ ಹೋಗಿ ಅದೇ ಕೆಲಸ ಅಲ್ಲಿದೆಯೇ ನೋಡಿ. ಇದ್ದರೆ ಅಲ್ಲೇ ಅಪ್ಲೈ ಮಾಡಿ. ಮೋಸವನ್ನು ಹಿಡಿಯುವುದಕ್ಕೂ ಇದೇ ಮೊದಲ ಪರೀಕ್ಷೆ. ತಂಗಿಗೆ ಬಂದ ಕಾಲ್ ಇತ್ತಲ್ಲ, ಅವರು ಲ್ಯಾಪ್‌ಟಾಪ್ ಕಳಿಸಲು ಡೆಪಾಸಿಟ್ ಕೇಳಿದ್ದರು. ಹೆಸರು ಒಂದು ನಿಜವಾದ ಕಂಪನಿಯದು, ಇಮೇಲ್ ಮಾತ್ರ ಜಿಮೇಲ್. ಆ ಕಂಪನಿಯ ಪುಟದಲ್ಲಿ ಅಂಥ ಕೆಲಸವೇ ಇರಲಿಲ್ಲ. ಕೆಲಸ ಕೊಡುವವರು ದುಡ್ಡು ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, `cybercrime.gov.in`ನಲ್ಲಿ ದೂರು ಹಾಕಿ.

ತಾಯಿ ರೆಸ್ಯೂಮೆ

ಪ್ರತಿ ಕೆಲಸಕ್ಕೂ ರೆಸ್ಯೂಮೆ ತಿದ್ದಿ ಎಂದರೆ "ಅಷ್ಟು ಟೈಮ್ ಎಲ್ಲಿದೆ ಅಕ್ಕಾ" ಅಂದಳು ಅವಳು. ದಿನಕ್ಕೆ ಮೂವತ್ತು ಕಡೆ ಕಳಿಸುವವರಿಗೆ ಇರುವುದಿಲ್ಲ. ವಾರಕ್ಕೆ ಐದು ಕಡೆ ಕಳಿಸುವವರಿಗೆ ಇರುತ್ತದೆ. ಒಂದಕ್ಕೆ ಅರ್ಧ ಮುಕ್ಕಾಲು ಗಂಟೆ ಸಾಕು, ತಾಯಿ ರೆಸ್ಯೂಮೆ ಒಂದು ರೆಡಿ ಇದ್ದರೆ.

ತಾಯಿ ರೆಸ್ಯೂಮೆ ಎಂದರೆ ಯಾರಿಗೂ ಕಳಿಸದ ಫೈಲ್. ನೀವು ಮಾಡಿದ ಎಲ್ಲ ಕೆಲಸ ಅದರಲ್ಲಿರಬೇಕು. ನಾಲ್ಕೈದು ಪುಟ ಆದರೂ ಪರವಾಗಿಲ್ಲ. ಅವಳದನ್ನು ಬರೆಯಲು ಆ ಮಧ್ಯಾಹ್ನವೇ ಹೋಯಿತು. ನಾನು ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಅಂಗಡಿಗಳಲ್ಲಿ ಕಾರ್ಡ್ ಉಜ್ಜುವ ಮೆಷಿನ್ ಇರುತ್ತದಲ್ಲ, ಅದಕ್ಕೆ ಸಪೋರ್ಟ್ ಕೊಡುವುದು ಅವಳ ಕೆಲಸ. ನಾಲ್ಕು ವರ್ಷ. ಮೊದಲ ವರ್ಷ ಪೂರ್ತಿ ಫೋನ್, ಆಮೇಲೆ ಇಮೇಲ್ ಮತ್ತು ಚಾಟ್. ಮಾತಿನ ಮಧ್ಯೆ, "ಹೊಸಬರಿಗೆ ಅಂತ ಸುಮ್ನೆ ಒಂದಿಷ್ಟು ನೋಟ್ಸ್ ಬರೆದಿದ್ದೆ, ಆಮೇಲೆ ಅದನ್ನೇ ಹೆಲ್ಪ್ ಪೇಜಿಗೆ ಹಾಕಿದ್ರು" ಅಂದಳು. ಎಷ್ಟು ಬರೆದೆ ಎಂದು ಕೇಳಿದೆ. ಎಣಿಸಿದರೆ 22. ಅವಳ ರೆಸ್ಯೂಮೆಯಲ್ಲಿ ಇದರ ಸುಳಿವೇ ಇರಲಿಲ್ಲ!

ಒಂದು ಜಾಹೀರಾತು, ಒಂದು ರೆಸ್ಯೂಮೆ

ಆ ಸಂಜೆ ಆರಿಸಿದ ಕೆಲಸ ಇದು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಒಂದು ಸಣ್ಣ ಕಂಪನಿ, ಭಾರತದಲ್ಲಿ ರಿಮೋಟ್, ಬ್ರಿಟನ್ನಿನ ಜೊತೆ ನಾಲ್ಕು ಗಂಟೆ ವೇಳೆ ಕೂಡಬೇಕು. ಕೇಳಿದ್ದು: ಮೂರು ವರ್ಷ ಸಪೋರ್ಟ್ ಅನುಭವ, ಇಮೇಲ್ ಮತ್ತು ಚಾಟ್‌ನಲ್ಲಿ ಸ್ಪಷ್ಟ ಬರವಣಿಗೆ, ಝೆನ್‌ಡೆಸ್ಕ್ ಅಥವಾ ಅಂಥದೇ ಟಿಕೆಟ್ ಸಾಫ್ಟ್‌ವೇರ್, ಹೆಲ್ಪ್ ಲೇಖನ ಬರೆಯುವ ಅಭ್ಯಾಸ, ಯಾರೂ ಹೇಳಿಕೊಡದೆ ಕೆಲಸ ಮುಂದುವರಿಸುವುದು. ಎಸ್‌ಕ್ಯೂಎಲ್ ಗೊತ್ತಿದ್ದರೆ ಒಳ್ಳೆಯದು.

ಜಾಹೀರಾತನ್ನು ಪ್ರಿಂಟ್ ತೆಗೆದು ಪೆನ್ ಹಿಡಿದು ಓದಿದೆವು. ಅವಳು ಮಾಡಿರುವುದಕ್ಕೆ ಒಂದು ಗೆರೆ, ಹೋಲುವಂಥದ್ದು ಮಾಡಿದ್ದರೆ ಚುಕ್ಕಿ ಗೆರೆ, ಗೊತ್ತೇ ಇಲ್ಲದ್ದಕ್ಕೆ ಸುತ್ತು. ಕಡ್ಡಾಯವಾಗಿ ಬೇಕೆಂದು ಕೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುತ್ತು ಬಿದ್ದರೆ ಆ ಕೆಲಸ ಬಿಟ್ಟುಬಿಡಿ. ಇಲ್ಲಿ ಸುತ್ತು ಬಿದ್ದದ್ದು ಎಸ್‌ಕ್ಯೂಎಲ್‌ಗೆ ಮಾತ್ರ, ಅದೂ ಇದ್ದರೆ ಒಳ್ಳೆಯದು ಎಂಬ ಸಾಲಿನಲ್ಲಿ.

ಆಮೇಲೆ ಯಾವ ಮಾತು ಮತ್ತೆ ಮತ್ತೆ ಬಂದಿದೆ ಎಂದು ಹುಡುಕಿದೆವು. ಬರೆಯುವುದು ಎಂಬ ಅರ್ಥದ ಮಾತು ಐದು ಕಡೆ ಇತ್ತು. ಫೋನ್ ಎಂಬುದು ಒಂದು ಕಡೆಯೂ ಇಲ್ಲ. ಅಂದರೆ ಈ ಕಂಪನಿಗೆ ಬೇಕಾಗಿರುವುದು ಬರೆಯುವವರು. ಅವಳ ಹಳೆಯ ರೆಸ್ಯೂಮೆಯ ಮೊದಲ ಸಾಲು ಏನಿತ್ತು ಗೊತ್ತಾ? ದಿನಕ್ಕೆ 60 ಕಾಲ್ ತೆಗೆದುಕೊಂಡ ವಿಷಯ. ಸುಳ್ಳೇನಲ್ಲ. ಆದರೆ ಓದುವವರು ಒಂದು ರೆಸ್ಯೂಮೆಯನ್ನು ಮೊದಲ ಸಲ ನೋಡುವುದು ಕೆಲವೇ ಸೆಕೆಂಡು. ಕಾಲ್ ಸೆಂಟರ್ ಎಂದುಕೊಂಡು ಮುಂದೆ ಹೋಗಿರುತ್ತಾರೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ರೆಸ್ಯೂಮೆ ಇಂಗ್ಲಿಷಿನಲ್ಲಿತ್ತು, ಸಾಲುಗಳ ಅರ್ಥವನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಒಂದು ಸಾಲು ಮೊದಲು ಹೀಗಿತ್ತು: "ಗ್ರಾಹಕರ ಸಮಸ್ಯೆಗಳನ್ನು ಸಕಾಲದಲ್ಲಿ ಬಗೆಹರಿಸುವ ಜವಾಬ್ದಾರಿ." ಇದು ಯಾರ ರೆಸ್ಯೂಮೆಯಲ್ಲಾದರೂ ಇರಬಹುದಾದ ಸಾಲು. ತಿದ್ದಿದ ಮೇಲೆ: "ಅಂಗಡಿ ಮಾಲೀಕರ ಇಮೇಲ್ ಮತ್ತು ಚಾಟ್ ಟಿಕೆಟ್‌ಗಳಿಗೆ ದಿನಕ್ಕೆ ಸುಮಾರು 35 ಲಿಖಿತ ಉತ್ತರ. ಹೆಚ್ಚಿನವು ಹಣ ಕಡಿತವಾಗಿಯೂ ಖಾತೆಗೆ ಬಾರದ ದೂರುಗಳು." ಅದರ ಕೆಳಗೆ ಹೊಸ ಸಾಲು: "22 ಹೆಲ್ಪ್ ಲೇಖನ ಬರೆದೆ. ಹಣ ತಡವಾಗುವ ಬಗ್ಗೆ ಬರೆದ ಲೇಖನ ಬಂದ ಮೇಲೆ ಅದೇ ಪ್ರಶ್ನೆಯ ಟಿಕೆಟ್ ವಾರಕ್ಕೆ ಸುಮಾರು 50ರಿಂದ 30ಕ್ಕೆ ಇಳಿಯಿತು." ಫೋನ್ ಸಾಲನ್ನು ತೆಗೆಯಲಿಲ್ಲ, ಎಲ್ಲಕ್ಕಿಂತ ಕೆಳಗೆ ಸರಿಸಿದೆವು.

ಝೆನ್‌ಡೆಸ್ಕ್ ವಿಷಯಕ್ಕೆ ಸ್ವಲ್ಪ ಜಗಳವೇ ಆಯಿತು. ಅವಳು ಬಳಸಿದ್ದು ಫ್ರೆಶ್‌ಡೆಸ್ಕ್. "ಎರಡೂ ಒಂದೇ ತರ ಅಲ್ವಾ, ಝೆನ್‌ಡೆಸ್ಕ್ ಅಂತಲೇ ಹಾಕಿಬಿಡಲಾ?" ಅಂದಳು. ಬೇಡ ಅಂದೆ. ಜಾಹೀರಾತಿನಲ್ಲೇ "ಅಥವಾ ಅಂಥದೇ" ಎಂದಿದೆ. "ಟಿಕೆಟ್ ಸಾಫ್ಟ್‌ವೇರ್: ಫ್ರೆಶ್‌ಡೆಸ್ಕ್, 3 ವರ್ಷ, ದಿನವೂ" ಎಂದು ಬರೆದರೆ ಓದುವವರಿಗೆ ಅರ್ಥವಾಗುತ್ತದೆ. ಕಂಪನಿ ಬಳಸಿದ ಪದವನ್ನು ನೀವೂ ಬಳಸಿ, ನೀವು ಮಾಡಿದ ಕೆಲಸಕ್ಕೆ ಅದು ಒಪ್ಪುವುದಾದರೆ ಮಾತ್ರ. ಅವರು ಟಿಕೆಟ್ ಎಂದರೆ ನೀವು ಕೇಸ್ ಎಂದು ಬರೆಯಬೇಡಿ. ಅಷ್ಟೇ ತಿದ್ದುಪಡಿ, ಅದಕ್ಕಿಂತ ಮುಂದೆ ಹೋದರೆ ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳುತ್ತೀರಿ.

ಇನ್ನು ರಿಮೋಟ್‌ಗೆಂದೇ ಬೇಕಾದ ಸಾಲು. ಎದುರಿಗಿಲ್ಲದವರ ಜೊತೆ ಈ ವ್ಯಕ್ತಿ ಕೆಲಸ ಮಾಡಬಲ್ಲರೇ ಎಂಬುದು ಓದುವವರ ತಲೆಯಲ್ಲಿರುವ ಪ್ರಶ್ನೆ. ಅವಳು ದಿನವೂ ರಾತ್ರಿ ಪಾಳಿಯವರಿಗೆ ಬಾಕಿ ಟಿಕೆಟ್‌ಗಳ ಬಗ್ಗೆ ಬರೆದಿಟ್ಟು ಹೋಗುತ್ತಿದ್ದಳು, ಅವರ ಮುಖವನ್ನೇ ನೋಡಿರಲಿಲ್ಲ. ಅದನ್ನೇ ಬರೆಸಿದೆ. "ಸ್ವಯಂಪ್ರೇರಿತ, ತಂಡದ ಆಟಗಾರ್ತಿ" ಎಂಬುದನ್ನು ಹೊಡೆದುಹಾಕಿದೆ. ತಂದೆಯ ಹೆಸರು, ಹುಟ್ಟಿದ ದಿನ, ಫೋಟೋ, ಕೊನೆಯಲ್ಲಿ "ಮೇಲಿನ ವಿವರಗಳು ಸತ್ಯ" ಎಂಬ ಘೋಷಣೆ ಎಲ್ಲವೂ ಹೋದವು. ಹೆಸರಿನ ಕೆಳಗೆ ಒಂದು ಸಾಲು ಬಂತು:

```
Bengaluru, India (UTC+5:30) | UK hours OK
```

ಪಿಡಿಎಫ್ ಪರೀಕ್ಷೆ

ಅಷ್ಟೆಲ್ಲ ಮಾಡಿ ಹಳೆಯ ಚೆಂದದ ಟೆಂಪ್ಲೇಟಿಗೆ ಹಾಕಿದರೆ ಕೆಲಸ ಕೆಡುತ್ತದೆ. ಅವಳದು ಎರಡು ಕಾಲಂ ಇದ್ದ ವಿನ್ಯಾಸ. ಪಿಡಿಎಫ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿಸಿದೆ. ಎಡಗಡೆಯ ಕಾಲಂನ ಭಾಷೆಗಳು ಬಲಗಡೆಯ ಕೆಲಸದ ಸಾಲಿನೊಳಗೆ ನುಗ್ಗಿದ್ದವು. ಫೋನ್ ನಂಬರ್ ಇದ್ದದ್ದು ಚಿತ್ರದೊಳಗೆ, ಅದು ಬರಲೇ ಇಲ್ಲ. ಕಂಪನಿಯ ವ್ಯವಸ್ಥೆಗೂ ಹೆಚ್ಚುಕಡಿಮೆ ಹೀಗೇ ಕಾಣುವ ಸಾಧ್ಯತೆ ಇದೆ. ಒಂದೇ ಕಾಲಂ, ಸಾದಾ ಫಾಂಟ್, ಬಾಕ್ಸ್ ಬೇಡ. ನೋಟ್‌ಪ್ಯಾಡಿನಲ್ಲಿ ಮೇಲಿಂದ ಕೆಳಕ್ಕೆ ಸರಿಯಾಗಿ ಓದಲು ಬಂದರೆ ಸಾಕು.

ಕಂಪ್ಯೂಟರೇ ರೆಸ್ಯೂಮೆಗೆ ಅಂಕ ಹಾಕಿ ಎಲ್ಲರನ್ನೂ ಎಸೆಯುತ್ತದೆ ಎಂಬ ಭಯ ಜಾಸ್ತಿ ಜನರಿಗಿದೆ. ನಾನು ಕೆಲಸ ಮಾಡಿದ ಕಡೆಗಳಲ್ಲಿ ತಾನಾಗಿ ತಿರಸ್ಕಾರವಾಗುತ್ತಿದ್ದದ್ದು ರೆಸ್ಯೂಮೆಯಿಂದಲ್ಲ, ಫಾರಂನ ಪ್ರಶ್ನೆಗಳಿಂದ. ಭಾರತದಲ್ಲಿ ಕೆಲಸ ಮಾಡುವ ಅನುಮತಿ ಇದೆಯೇ, ನೋಟಿಸ್ ಎಷ್ಟು ದಿನ, ಈ ವೇಳೆ ಒಪ್ಪಿಗೆಯೇ. ಅವಳು ಅವಸರದಲ್ಲಿ ನೋಟಿಸ್ 90 ದಿನ ಎಂದು ಒತ್ತುತ್ತಿದ್ದಳು. ಆಫರ್ ಲೆಟರ್ ತೆಗೆದು ನೋಡಿದರೆ ಇದ್ದದ್ದು 60, ಉಳಿದ ದಿನಗಳ ಹಣ ಕಟ್ಟಿ ಬೇಗ ಬಿಡುವ ಅವಕಾಶವೂ ಇತ್ತು. ನಿಮ್ಮದನ್ನೂ ಇವತ್ತೇ ತೆಗೆದು ನೋಡಿ. ಸಪೋರ್ಟ್ ಕೆಲಸಗಳ ಫಾರಂನಲ್ಲಿ ಕರೆಂಟ್ ಮತ್ತು ಇಂಟರ್ನೆಟ್ ಬಗ್ಗೆಯೂ ಕೇಳುತ್ತಾರೆ. "ಇದೆ" ಎಂದಷ್ಟೇ ಬರೆಯಬೇಡಿ. ಫೈಬರ್ ಕನೆಕ್ಷನ್, ಬೇರೆ ಕಂಪನಿಯ ಮೊಬೈಲ್ ಡೇಟಾ, ರೂಟರಿಗೂ ಇನ್ವರ್ಟರ್ ಸಂಪರ್ಕ ಎಂದು ಬರೆಯಿರಿ. ಬೆಸ್ಕಾಂ ಕೈಕೊಟ್ಟಾಗ ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ರೂಟರ್ ಮಾತ್ರ ಸತ್ತಿರುತ್ತದೆ.

ಕಳಿಸಿದ ಪ್ರತಿ ರೆಸ್ಯೂಮೆಯನ್ನೂ ಕಂಪನಿಯ ಹೆಸರಿನ ಫೋಲ್ಡರಿನಲ್ಲಿಡಿ. ಜಾಹೀರಾತಿನ ಪಿಡಿಎಫ್ ಕೂಡ ಅದರ ಜೊತೆಗೇ ಇರಲಿ, ಏಕೆಂದರೆ ನಿಮಗೆ ಕಾಲ್ ಬರುವ ಹೊತ್ತಿಗೆ ಪುಟ ಮಾಯವಾಗಿರಬಹುದು.

ಆ ಬಿಲ್ಲಿಂಗ್ ಕಂಪನಿಯಿಂದ ಹನ್ನೊಂದನೇ ದಿನಕ್ಕೆ ಮೇಲ್ ಬಂತು. ವಿಡಿಯೋ ಕಾಲ್‌ನಲ್ಲಿ ಮೊದಲ ಪ್ರಶ್ನೆಯೇ "50ರಿಂದ 30ಕ್ಕೆ ಇಳಿಯಿತು ಅಂದಿದ್ದೀರಿ, ಹೇಗೆ ಎಣಿಸಿದಿರಿ?" ಲೇಖನ ಹಾಕುವ ಮೊದಲಿನ ನಾಲ್ಕು ವಾರ, ಹಾಕಿದ ನಂತರದ ನಾಲ್ಕು ವಾರ, ಆ ಟ್ಯಾಗ್ ಇದ್ದ ಟಿಕೆಟ್‌ಗಳನ್ನು ಫ್ರೆಶ್‌ಡೆಸ್ಕ್‌ನಲ್ಲಿ ಫಿಲ್ಟರ್ ಮಾಡಿ ನೋಡಿದ್ದನ್ನು ಹೇಳಿದಳು. ಆಮೇಲೆ ಕೋಪಗೊಂಡ ಗ್ರಾಹಕರ ಒಂದು ಮೇಲ್ ಕೊಟ್ಟು, ನಲವತ್ತು ನಿಮಿಷದಲ್ಲಿ ಉತ್ತರ ಬರೆಯಿರಿ ಎಂದರು. ಫೋನ್ ಬಗ್ಗೆ ಯಾರೂ ಕೇಳಲಿಲ್ಲವಂತೆ.